ಬೆಲ್ಟಿನ ಬಿಗಿ, ಬೇರಿಂಗಿನ ಆಯಸ್ಸು

ಹಿಟ್ಟಿನ ಗಿರಣಿಯ ಮೋಟಾರಿನಲ್ಲಿ ಎರಡು ಬೇರಿಂಗುಗಳಿರುತ್ತವೆ. ಪುಲ್ಲಿ ಇರುವ ಕಡೆ ಒಂದು, ಫ್ಯಾನ್ ಇರುವ ಕಡೆ ಇನ್ನೊಂದು. ಎಷ್ಟೋ ಮೋಟಾರುಗಳಲ್ಲಿ ಎರಡೂ ಒಂದೇ ನಂಬರಿನವು, ಒಂದೇ ದಿನ ಕೂರಿಸಿದವು. ಆದರೂ ರಿಪೇರಿಗೆ ಬಂದಾಗ ಸವೆದು ಸದ್ದು ಮಾಡುತ್ತಿರುವುದು ಬಹುಮಟ್ಟಿಗೆ ಪುಲ್ಲಿ ಕಡೆಯದೇ. ಅನುಭವವಿರುವ ಫಿಟ್ಟರ್ ಮೋಟಾರು ಬಿಚ್ಚುವ ಮೊದಲೇ "ಮುಂದಿನ ಬೇರಿಂಗ್ ಹೋಗಿದೆ ಬಿಡಿ ಅಣ್ಣ" ಎಂದುಬಿಡುತ್ತಾನೆ. ಗಿರಣಿಯವರು ಬೇರಿಂಗ್ ಕಂಪನಿಯನ್ನು ಬೈದು, ಈ ಸಲ ಬೇರೆ ಕಂಪನಿಯದು ಹಾಕು ಎನ್ನುತ್ತಾರೆ. ಒಂದೂವರೆ ವರ್ಷದಲ್ಲಿ ಅದೂ ಹೋಗುತ್ತದೆ.

ಇಲ್ಲಿ ತಪ್ಪು ಬೇರಿಂಗಿನದೋ, ಬೆಲ್ಟಿನದೋ ಎಂದು ಊಹಿಸುತ್ತ ಕೂರಬೇಕಿಲ್ಲ. ಒಂದು ಟೇಪು, ಕೊಕ್ಕೆಯಿರುವ ಒಂದು ಸ್ಪ್ರಿಂಗ್ ತಕ್ಕಡಿ, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷದಲ್ಲಿ ಲೆಕ್ಕ ಹಾಕಿ ನೋಡಬಹುದು. ಪ್ರತಿ ಬೇರಿಂಗ್ ತಯಾರಕರ ಕ್ಯಾಟಲಾಗಿನಲ್ಲಿರುವ ಆ ಲೆಕ್ಕವನ್ನು ಒಂದು ಗಿರಣಿಯ ಮೋಟಾರಿಗೆ ಹೊಂದಿಸಿ ನೋಡೋಣ.

ಮೋಟಾರು ಯಾವುದು, ಬೇರಿಂಗು ಯಾವುದು

ಏಳೂವರೆ ಎಚ್‌ಪಿ, ಅಂದರೆ 5.5 ಕಿಲೋವ್ಯಾಟಿನ ಮೋಟಾರು. ನಿಮಿಷಕ್ಕೆ 1440 ಸುತ್ತು. ಪುಲ್ಲಿಯ ವ್ಯಾಸ 125 ಮಿಲಿಮೀಟರ್, ಅಂದರೆ ಐದಿಂಚು. ಅದರ ಮೇಲೆ ಮೂರು ವಿ-ಬೆಲ್ಟು. ಈ ಅಳತೆಯ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಬೇರಿಂಗ್ 6208. ಈ ನಂಬರನ್ನು ಓದುವುದು ಸುಲಭ. 62 ಅದರ ಶ್ರೇಣಿ. ಕೊನೆಯ 08ನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ವ್ಯಾಸ 40 ಮಿಲಿಮೀಟರ್ ಎಂದು ಸಿಗುತ್ತದೆ.

ಬೇರಿಂಗಿನ ಮೇಲೆ ಅಚ್ಚಾಗದ, ಆದರೆ ಕ್ಯಾಟಲಾಗಿನಲ್ಲಿ ಇರುವ ಇನ್ನೊಂದು ಸಂಖ್ಯೆ ನಮಗೆ ಬೇಕು. ಅದನ್ನು C ಎಂದು ಬರೆಯುತ್ತಾರೆ. 6208ಕ್ಕೆ ಅದು ಸುಮಾರು 30 ಕಿಲೋನ್ಯೂಟನ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 3060 ಕೆಜಿ ಭಾರ. ಹಾಗೆಂದು ಈ ಬೇರಿಂಗು ಮೂರು ಟನ್ ಹೊತ್ತುಕೊಂಡು ವರ್ಷಗಟ್ಟಲೆ ತಿರುಗುತ್ತದೆ ಎಂದು ತಿಳಿಯಬಾರದು. ಅಷ್ಟು ಭಾರ ಹೇರಿದರೆ ಹತ್ತರಲ್ಲಿ ಒಂಬತ್ತು ಬೇರಿಂಗುಗಳು ಹತ್ತು ಲಕ್ಷ ಸುತ್ತು ಬಾಳುತ್ತವೆ ಎನ್ನುವುದಷ್ಟೇ C ಕೊಡುವ ಭರವಸೆ. ನಮ್ಮ ಮೋಟಾರು ಗಂಟೆಗೆ 86,400 ಸುತ್ತು ತಿರುಗುವುದರಿಂದ ಹತ್ತು ಲಕ್ಷ ಸುತ್ತು ಹನ್ನೆರಡು ಗಂಟೆಯೊಳಗೆ ಮುಗಿದುಹೋಗುತ್ತದೆ. ಹಾಗಾಗಿ ದಿನನಿತ್ಯದ ಭಾರ C ಗಿಂತ ಎಷ್ಟು ಪಟ್ಟು ಕಡಿಮೆ ಇದೆ ಎನ್ನುವುದೇ ಆಯಸ್ಸನ್ನು ನಿರ್ಧರಿಸುತ್ತದೆ.

ಬೆಲ್ಟು ಎಷ್ಟು ಎಳೆಯುತ್ತದೆ

ಬೆಲ್ಟಿನ ಎರಡು ಎಳೆಗಳೂ ಶಾಫ್ಟನ್ನು ಗಿರಣಿಯ ಕಡೆಗೇ ಜಗ್ಗುತ್ತವೆ. ಕೆಲಸ ನಡೆಯುವುದು ಬಿಗಿ ಎಳೆ ಮತ್ತು ಸಡಿಲ ಎಳೆಗಳ ವ್ಯತ್ಯಾಸದಿಂದ. ಆದರೆ ಬೇರಿಂಗಿನ ಮೇಲೆ ಬೀಳುವುದು ಎರಡರ ಮೊತ್ತ. ಈ ಮೋಟಾರು ಪೂರ್ತಿ ಶಕ್ತಿಯಲ್ಲಿ ಓಡುವಾಗ ಬೇಕಾದ ವ್ಯತ್ಯಾಸ ಸುಮಾರು 60 ಕೆಜಿ. ಜಾರದ ಹಾಗೆ ಹಿಡಿದುಕೊಳ್ಳಲು ಬೆಲ್ಟಿಗೆ ಮೊದಲೇ ಬಿಗಿ ಕೊಡಬೇಕಾದ್ದರಿಂದ ಮೊತ್ತ ಅದಕ್ಕಿಂತ ಹೆಚ್ಚು. ಸರಿಯಾಗಿ ಬಿಗಿದ ವಿ-ಬೆಲ್ಟಿಗೆ ಎರಡು ಪಟ್ಟು ಎಂದು ಹಿಡಿಯುವುದು ವಾಡಿಕೆ. ಅಂದರೆ ಶಾಫ್ಟಿನ ಮೇಲೆ 120 ಕೆಜಿ. ಚಪ್ಪಟೆ ಬೆಲ್ಟಾದರೆ ಅದಕ್ಕೆ ಕಚ್ಚಿಕೊಳ್ಳುವ ಗಾಡಿಯಿಲ್ಲ, ಹಾಗಾಗಿ ಇನ್ನೂ ಹೆಚ್ಚು ಬಿಗಿ ಬೇಕು.

ಇದು ಕಾಗದದ ಮೇಲಿನ ಲೆಕ್ಕ. ಗಿರಣಿಯಲ್ಲಿ ಬೆಲ್ಟು ನಿಜಕ್ಕೂ ಎಷ್ಟು ಬಿಗಿ ಇದೆ ಎಂದು ಅಳೆಯಲು ಸ್ಪ್ರಿಂಗ್ ತಕ್ಕಡಿ ಸಾಕು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತಿಟ್ಟುಕೊಳ್ಳಿ. ಎರಡು ಪುಲ್ಲಿಗಳ ನಡುವೆ ಬೆಲ್ಟು ಗಾಳಿಯಲ್ಲಿರುವ ಉದ್ದವನ್ನು ಅಳೆಯಿರಿ. ಒಂದು ಮೀಟರಿಗೆ 16 ಮಿಲಿಮೀಟರಿನ ಲೆಕ್ಕದಲ್ಲಿ ಬೆಲ್ಟನ್ನು ನಡುಮಧ್ಯದಲ್ಲಿ ಜಗ್ಗಬೇಕು. ಉದ್ದ 750 ಮಿಲಿಮೀಟರ್ ಇದ್ದರೆ ಬೆಲ್ಟು 12 ಮಿಲಿಮೀಟರ್ ಬಗ್ಗಬೇಕು. ಒಂದೇ ಬೆಲ್ಟಿಗೆ ಕೊಕ್ಕೆ ಹಾಕಿ ಅಷ್ಟು ಬಗ್ಗುವವರೆಗೆ ಎಳೆದು ತಕ್ಕಡಿ ಓದಿ. ಆ ಓದಿಗೆ 16ರಿಂದ ಗುಣಿಸಿದರೆ ಆ ಬೆಲ್ಟಿನ ಒಂದು ಎಳೆಯಲ್ಲಿರುವ ಬಿಗಿ ಸಿಗುತ್ತದೆ. ಬೆಲ್ಟಿಗೆ ಎರಡು ಎಳೆ, ಪುಲ್ಲಿಗೆ ಮೂರು ಬೆಲ್ಟು, ಆದ್ದರಿಂದ ಅದನ್ನು ಮತ್ತೆ ಆರರಿಂದ ಗುಣಿಸಿದರೆ ಶಾಫ್ಟಿನ ಮೇಲಿನ ಒಟ್ಟು ಎಳೆತ.

ತಕ್ಕಡಿ ಒಂದೂಕಾಲು ಕೆಜಿ ತೋರಿಸಿದರೆ ಎಳೆಗೆ 20 ಕೆಜಿ, ಒಟ್ಟು 120 ಕೆಜಿ. ಕಾಗದದ ಲೆಕ್ಕಕ್ಕೆ ಸರಿಹೊಂದಿತು. ಮೂರು ಕೆಜಿ ತೋರಿಸಿದರೆ ಒಟ್ಟು ಎಳೆತ 288 ಕೆಜಿ. ಬೆಲ್ಟು ತಾನೇ ಸ್ವಲ್ಪ ಗಡುಸಾಗಿರುವುದರಿಂದ ಅದನ್ನು ಬಗ್ಗಿಸಲೂ ಒಂದಿಷ್ಟು ಬಲ ಹೋಗುತ್ತದೆ. ಹಾಗಾಗಿ ನಿಜವಾದ ಬಿಗಿ ಈ ಲೆಕ್ಕಕ್ಕಿಂತ ತುಸು ಕಡಿಮೆ ಇರುತ್ತದೆ. ಬೆಲ್ಟಿನ ಉದ್ದ ಕಡಿಮೆಯಾದಷ್ಟೂ ಈ ವ್ಯತ್ಯಾಸ ಹೆಚ್ಚು. ಆದರೂ ಒಂದೂಕಾಲಿಗೂ ಮೂರಕ್ಕೂ ಇರುವ ಅಂತರವನ್ನು ಅದು ಮರೆಮಾಚುವುದಿಲ್ಲ.

ಇಲ್ಲಿ ಹಲವರಿಗೆ ಹೊಳೆಯದ ಒಂದು ಸಂಗತಿಯಿದೆ. ಗಿರಣಿ ಖಾಲಿ ಓಡುವಾಗ ಎರಡೂ ಎಳೆಗಳಲ್ಲಿ ಬಿಗಿ ಹೆಚ್ಚುಕಡಿಮೆ ಸಮ. ಗೋಧಿ ಸುರಿದಾಗ ಒಂದು ಎಳೆಯ ಬಿಗಿ ಏರಿ ಇನ್ನೊಂದರದು ಇಳಿಯುತ್ತದೆ, ಮೊತ್ತ ಮಾತ್ರ ಅಷ್ಟೇನೂ ಬದಲಾಗುವುದಿಲ್ಲ. ಹಾಗಾಗಿ ಬೆಲ್ಟನ್ನು ಅತಿಯಾಗಿ ಬಿಗಿದರೆ ಅದರ ಭಾರ ಗಿರಾಕಿ ಇಲ್ಲದ ಹೊತ್ತಿನಲ್ಲೂ ಬೇರಿಂಗಿನ ಮೇಲೆ ಇದ್ದೇ ಇರುತ್ತದೆ. ಅರೆಯುವ ಕಾಳು ಕಡಿಮೆ ಮಾಡಿದರೂ ಅದು ತಗ್ಗುವುದಿಲ್ಲ.

ಹೊರಚಾಚಿದ ಭಾರ

120 ಕೆಜಿ ಎಳೆತ ಎರಡು ಬೇರಿಂಗುಗಳಿಗೆ ಅರವತ್ತು, ಅರವತ್ತಾಗಿ ಹಂಚಿಹೋಗುತ್ತದೆ ಎಂದುಕೊಳ್ಳುವುದು ಸಹಜ. ಪುಲ್ಲಿ ಎರಡು ಬೇರಿಂಗುಗಳ ನಡುವೆ ಇದ್ದಿದ್ದರೆ ಹಾಗೇ ಆಗುತ್ತಿತ್ತು. ಆದರೆ ಅದು ಇಬ್ಬರ ಆಚೆಗೆ, ಶಾಫ್ಟಿನ ಹೊರಚಾಚಿದ ತುದಿಯಲ್ಲಿ ಕೂತಿದೆ. ಒಂದು ದೊಣ್ಣೆಯನ್ನು ಎರಡು ಕೈಯಲ್ಲಿ ಹಿಡಿದು ಅದರ ಮುಂದಿನ ತುದಿಗೆ ತುಂಬಿದ ಬಿಂದಿಗೆ ತೂಗುಹಾಕಿದರೆ ಏನಾಗುತ್ತದೆ ನೋಡಿ. ಮುಂದಿನ ಕೈ ಮೇಲಕ್ಕೆ ಎತ್ತಿ ಹಿಡಿಯಬೇಕು, ಹಿಂದಿನ ಕೈ ದೊಣ್ಣೆಯನ್ನು ಕೆಳಕ್ಕೆ ಒತ್ತಬೇಕು. ಮುಂದಿನ ಕೈ ಬಿಂದಿಗೆಯ ಭಾರದ ಜೊತೆಗೆ ಹಿಂದಿನ ಕೈಯ ಒತ್ತನ್ನೂ ಹೊರುತ್ತದೆ.

ನಮ್ಮ ಮೋಟಾರಿನಲ್ಲಿ ಎರಡು ಬೇರಿಂಗುಗಳ ನಡುವಿನ ದೂರ 200 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಬೇರಿಂಗಿನ ನಡುವಿನಿಂದ ಪುಲ್ಲಿಯ ನಡುವಿನವರೆಗೆ 70 ಮಿಲಿಮೀಟರ್. ಆಗ ಹಿಂದಿನ ಬೇರಿಂಗಿನ ಪಾಲು 120ರ ಇನ್ನೂರರಲ್ಲಿ ಎಪ್ಪತ್ತು ಭಾಗ, ಅಂದರೆ 42 ಕೆಜಿ, ಅದೂ ಎದುರು ದಿಕ್ಕಿಗೆ. ಮುಂದಿನದರ ಪಾಲು 120 ಮತ್ತು 42 ಸೇರಿ 162 ಕೆಜಿ. ಬೆಲ್ಟು ಎಳೆದದ್ದಕ್ಕಿಂತಲೂ ಜಾಸ್ತಿ! ರೋಟರಿನ ಸ್ವಂತ ತೂಕ ಈ ಅಳತೆಯ ಮೋಟಾರಿನಲ್ಲಿ ಇದರ ಮುಂದೆ ಸಣ್ಣದು. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಘನದ ಲೆಕ್ಕ

ಈಗ ಆಯಸ್ಸಿಗೆ ಬರೋಣ. ಇದರ ಸೂತ್ರ ಒಂದೇ ಸಾಲಿನದು.

`L10h = (1000000 / (60 × n)) × (C / P)^3`

ಇಲ್ಲಿ n ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. P ಆ ಬೇರಿಂಗಿನ ಮೇಲೆ ಬೀಳುವ ಭಾರ. 3060ನ್ನು 162ರಿಂದ ಭಾಗಿಸಿದರೆ ಸುಮಾರು 19 ಬರುತ್ತದೆ. ಅದನ್ನು ಮೂರು ಸಲ ತನ್ನಿಂದಲೇ ಗುಣಿಸಿ ಗಂಟೆಗೆ ಇಳಿಸಿದರೆ ಸುಮಾರು 78,000 ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 300 ದಿನ ಗಿರಣಿ ನಡೆದರೆ 26 ವರ್ಷ.

ಇನ್ನು ಬೆಲ್ಟು ಅತಿಯಾಗಿ ಬಿಗಿದಿರುವ, ತಕ್ಕಡಿ ಮೂರು ಕೆಜಿ ತೋರಿಸುವ ಮೋಟಾರು. ಮುಂದಿನ ಬೇರಿಂಗಿನ ಮೇಲೆ 389 ಕೆಜಿ. ಭಾರ ಎರಡೂವರೆ ಪಟ್ಟೂ ಏರಿಲ್ಲ, ಆದರೆ ಆಯಸ್ಸು 5600 ಗಂಟೆಗೆ ಕುಸಿಯುತ್ತದೆ. ಎರಡು ವರ್ಷವೂ ತುಂಬುವುದಿಲ್ಲ. ಇದರ ಜೊತೆಗೆ, ಗಿರಣಿಯ ಪುಲ್ಲಿಯ ನೇರಕ್ಕೆ ತರಲೆಂದು ಫಿಟ್ಟರ್ ಮೋಟಾರಿನ ಪುಲ್ಲಿಯನ್ನು 40 ಮಿಲಿಮೀಟರ್ ಹೊರಗೆ ಜರುಗಿಸಿದ್ದಾನೆ ಎನ್ನಿ. ಚಾಚಿದ ದೂರ 70ರಿಂದ 110ಕ್ಕೆ ಏರಿತು, ಭಾರ 446 ಕೆಜಿ ಆಯಿತು, ಆಯಸ್ಸು 3700 ಗಂಟೆಗೆ ಇಳಿಯಿತು. ಹದಿನೈದು ತಿಂಗಳು. ಬೇರಿಂಗು ಅದೇ, ಮೋಟಾರು ಅದೇ, ಅರೆಯುವ ಗೋಧಿಯೂ ಅಷ್ಟೇ.

ಇಷ್ಟು ಭಾರಿ ಅಂತರಕ್ಕೆ ಕಾರಣ ಸೂತ್ರದಲ್ಲಿರುವ ಆ 3. ಭಾರ ಇಮ್ಮಡಿಯಾದರೆ ಆಯಸ್ಸು ಅರ್ಧವಾಗುವುದಿಲ್ಲ, ಎಂಟನೇ ಒಂದಾಗುತ್ತದೆ. ಮುಂದಿನ ಬೇರಿಂಗೇ ಯಾಕೆ ಮೊದಲು ಹೋಗುತ್ತದೆ ಎನ್ನುವುದಕ್ಕೂ ಉತ್ತರ ಇದೇ. 162 ಕೆಜಿ ಮತ್ತು 42 ಕೆಜಿ ನಡುವೆ ನಾಲ್ಕು ಪಟ್ಟಿನ ವ್ಯತ್ಯಾಸವೂ ಇಲ್ಲ, ಆಯಸ್ಸಿನಲ್ಲಿ ಮಾತ್ರ ಐವತ್ತೇಳು ಪಟ್ಟು. ಹಿಂದಿನ ಬೇರಿಂಗು ಭಾರದಿಂದ ಸಾಯುವುದು ಅಪರೂಪ. ಅದು ಮೊದಲು ಕೆಟ್ಟರೆ ಗ್ರೀಸು, ಧೂಳು, ಇಲ್ಲವೇ ಕೂರಿಸಿದ ರೀತಿಯ ಕಡೆ ನೋಡಬೇಕು.

ಹತ್ತರಲ್ಲಿ ಒಂದು

78,000 ಗಂಟೆ ಎಂದರೆ ಗ್ಯಾರಂಟಿ ಅಲ್ಲ. L10 ಎಂಬ ಹೆಸರಿನಲ್ಲಿರುವ 10ರ ಅರ್ಥ, ಅಷ್ಟು ಹೊತ್ತಿಗೆ ಶೇಕಡಾ 10ರಷ್ಟು ಬೇರಿಂಗುಗಳು ಕೆಟ್ಟಿರುತ್ತವೆ ಎಂದು. ಉಳಿದ ತೊಂಬತ್ತು ಇನ್ನೂ ಓಡುತ್ತಿರುತ್ತವೆ. ಅರ್ಧದಷ್ಟು ಕೆಡುವ ಹೊತ್ತಿಗೆ ಆಯಸ್ಸು ಸುಮಾರು ಐದು ಪಟ್ಟು ಆಗಿರುತ್ತದೆ.

ಹೀಗೆ ನೂರಕ್ಕಿಷ್ಟು ಎಂದು ಮಾತಾಡಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಬಟ್ಟೆ ಗಿರಣಿಯೊಂದರಲ್ಲಿ ಎಂಜಿನಿಯರಾಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಶಾಫ್ಟು ಓರೆಯಾದರೂ ಹೊಂದಿಕೊಳ್ಳುವ ಬಾಲ್ ಬೇರಿಂಗನ್ನು ರೂಪಿಸಿದ್ದು 1907ರಲ್ಲಿ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದೂ ಆ ವರ್ಷವೇ. ಅದೇ ಕಂಪನಿಯ ಅರ್ವಿಡ್ ಪಾಮ್‌ಗ್ರೆನ್ 1924ರಲ್ಲಿ ಬೇರಿಂಗಿನ ಆಯಸ್ಸಿನ ಬಗ್ಗೆ ಲೇಖನ ಪ್ರಕಟಿಸಿದರು. 1947ರಲ್ಲಿ ಗುಸ್ತಾಫ್ ಲುಂಡ್‌ಬರ್ಗ್ ಜೊತೆ ಸೇರಿ ಅದಕ್ಕೊಂದು ಪೂರ್ಣ ಸಿದ್ಧಾಂತ ಕೊಟ್ಟರು. ಒಂದೇ ಉಕ್ಕಿನಿಂದ ಒಂದೇ ಯಂತ್ರದಲ್ಲಿ ತಯಾರಾದ ಬೇರಿಂಗುಗಳನ್ನು ಒಂದೇ ಭಾರದಲ್ಲಿ ಓಡಿಸಿದರೂ ಅವುಗಳ ಆಯಸ್ಸಿನಲ್ಲಿ ಹತ್ತಿಪ್ಪತ್ತು ಪಟ್ಟಿನ ಅಂತರ ಕಾಣುತ್ತದೆ. ಗುಂಡು ಉರುಳಿದಾಗಲೆಲ್ಲ ಉಕ್ಕಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಒತ್ತಡ ಏರಿಳಿಯುತ್ತದೆ. ಅಲ್ಲಿ ಉಕ್ಕಿನೊಳಗೇ ಒಂದು ಸಣ್ಣ ದೋಷ ಸಿಕ್ಕರೆ ಬಿರುಕು ಅಲ್ಲಿಂದ ಶುರು. ಆ ದೋಷ ಯಾವ ಬೇರಿಂಗಿನಲ್ಲಿ ಎಲ್ಲಿದೆ ಎಂದು ಯಾರೂ ಹೇಳಲಾರರು. ಹಾಗಾಗಿ ಒಂದೊಂದರ ಭವಿಷ್ಯ ಬಿಟ್ಟು ಗುಂಪಿನ ಲೆಕ್ಕ ಹಿಡಿಯಬೇಕಾಯಿತು. ಇಂದಿನ ಐಎಸ್‌ಒ 281 ಮಾನದಂಡದ ತಳಹದಿ ಅದೇ.

ಆದ್ದರಿಂದ ಒಂದು ಮೋಟಾರಿನಲ್ಲಿ ಒಂದು ಸಲ ಬೇರಿಂಗು ಬೇಗ ಹೋದರೆ ಅದು ದುರಾದೃಷ್ಟವೂ ಇರಬಹುದು. 26 ವರ್ಷದ ಲೆಕ್ಕವಿರುವ ಕಡೆ ಎರಡು ಸಲ, ಮೂರು ಸಲ ಒಂದೊಂದು ವರ್ಷಕ್ಕೇ ಹೋದರೆ ಅದನ್ನು ದುರಾದೃಷ್ಟ ಎನ್ನಲಾಗದು.

ಲೆಕ್ಕಕ್ಕೆ ಸಿಗದ ಸಾವು

ಈ ಸೂತ್ರಕ್ಕೆ ಗೊತ್ತಿರುವುದು ಉಕ್ಕಿನ ದಣಿವು ಮಾತ್ರ. ಗಿರಣಿಯ ಹಿಟ್ಟಿನ ಧೂಳು ಅದಕ್ಕೆ ಗೊತ್ತಿಲ್ಲ. ಗ್ರೀಸಿಗೆ ಕೊಳೆ ಬೆರೆತು ಗುಂಡು ಮತ್ತು ಗಾಡಿಯ ನಡುವೆ ಸಿಕ್ಕಿಕೊಂಡರೆ ಆಯಸ್ಸು ಲೆಕ್ಕದ ಹತ್ತನೇ ಒಂದಕ್ಕೆ ಇಳಿಯುವುದೂ ಉಂಟು. 2007ರ ಐಎಸ್‌ಒ 281ರಲ್ಲಿ ಗ್ರೀಸು ಮತ್ತು ಕೊಳೆಯನ್ನು ಲೆಕ್ಕಕ್ಕೆ ಹಿಡಿಯುವ ಗುಣಾಂಕ ಇರುವುದು ಇದಕ್ಕೇ. ಎರಡೂ ಬದಿ ತಗಡು ಮುಚ್ಚಿದ ಬೇರಿಂಗಿನಲ್ಲಿ ಒಮ್ಮೆ ತುಂಬಿದ ಗ್ರೀಸೇ ಕೊನೆತನಕ. 78,000 ಗಂಟೆಯವರೆಗೆ ಆ ಗ್ರೀಸು ಬರುವುದಿಲ್ಲ. ಬೇರಿಂಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಆಯಸ್ಸು ಅರ್ಧವಾಗುತ್ತದೆ ಎನ್ನುವುದು ಈ ವೃತ್ತಿಯ ಹಳೆಯ ನಿಯಮ. ಅಂದರೆ ಬೆಲ್ಟು ಸರಿಯಿರುವ ಮೋಟಾರಿನಲ್ಲಿ ಬೇರಿಂಗಿನ ನಿಜವಾದ ಗಡುವನ್ನು ಗೊತ್ತುಮಾಡುವುದು ಉಕ್ಕಲ್ಲ, ಗ್ರೀಸು. ಬೆಲ್ಟು ಅತಿಯಾಗಿ ಬಿಗಿದ ಮೋಟಾರಿನಲ್ಲಿ ಗ್ರೀಸು ಒಣಗುವ ಮೊದಲೇ ಉಕ್ಕು ಸೋಲುತ್ತದೆ.

ಯಾವುದರಿಂದ ಸತ್ತಿತು ಎಂದು ಸತ್ತ ಬೇರಿಂಗೇ ಹೇಳುತ್ತದೆ. ಆದರೆ ಬಿಚ್ಚುವ ಮೊದಲು ಅದರ ಹೊರಬಳೆಯ ಮೇಲೆ ಬೆಲ್ಟಿನ ಕಡೆ ಯಾವುದೆಂದು ಮಾರ್ಕರಿನಲ್ಲಿ ಗುರುತು ಹಾಕಿರಬೇಕು. ಹೊರಬಳೆ ತಿರುಗದೆ ನಿಂತಿರುವುದರಿಂದ ಭಾರ ಬೀಳುವುದು ಯಾವಾಗಲೂ ಅದರ ಒಂದೇ ಮಗ್ಗುಲಿಗೆ. ಮುಂದಿನ ಬೇರಿಂಗಿನಲ್ಲಿ ಅದು ಗಿರಣಿಯ ಕಡೆ, ಹಿಂದಿನದರಲ್ಲಿ ಅದಕ್ಕೆ ಎದುರು ಮಗ್ಗುಲು. ಬೇರಿಂಗನ್ನು ಕತ್ತರಿಸಿ ತೆರೆದು ನೋಡಿದಾಗ ಆ ಮಗ್ಗುಲಲ್ಲಿ ಮಾತ್ರ ಗುಂಡಿನ ಜಾಡು ಅಗಲವಾಗಿದ್ದು, ಉಕ್ಕು ಹಕ್ಕಳೆಯಾಗಿ ಎದ್ದುಬಂದಿದ್ದರೆ ಅದು ಎಳೆತದಿಂದಾದ ದಣಿವು. ಜಾಡು ನೇರವಾಗಿರದೆ ಓರೆಯಾಗಿ ಸಾಗಿದ್ದರೆ ಬೇರಿಂಗು ಸೊಟ್ಟಗೆ ಕೂತಿದೆ, ಇಲ್ಲವೇ ಶಾಫ್ಟು ಬಾಗಿದೆ. ಗುಂಡುಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲು ಗುಳಿಗಳಿದ್ದರೆ ಕೂರಿಸುವಾಗ ಸುತ್ತಿಗೆಯ ಪೆಟ್ಟು ಗುಂಡುಗಳ ಮೂಲಕ ಹಾದಿದೆ. ಗಾಡಿಯೆಲ್ಲ ಮಂಕಾಗಿ ಸವೆದು, ಗ್ರೀಸು ಬೂದು ಬಣ್ಣದ ಕೆಸರಾಗಿದ್ದರೆ ಧೂಳಿನ ಕೆಲಸ. ಮೊದಲನೆಯದಾದರೆ ಬೆಲ್ಟು ನೋಡಿ, ಉಳಿದವಕ್ಕೆ ಬೆಲ್ಟು ಸಡಿಲಿಸಿ ಪ್ರಯೋಜನವಿಲ್ಲ.

ಬಿಗಿಯುವುದೇಕೆ

ಯಾರೂ ಬೇಕೆಂದು ಬೆಲ್ಟನ್ನು ಅತಿಯಾಗಿ ಬಿಗಿಯುವುದಿಲ್ಲ. ಬೆಲ್ಟು ಜಾರುತ್ತದೆ, ಗಿರಾಕಿ ಕಾಯುತ್ತಿರುತ್ತಾನೆ, ಮೋಟಾರಿನ ಬೋಲ್ಟು ಸಡಿಲಿಸಿ ಸಬ್ಬಲ್ಲಿನಿಂದ ಮೀಟಿ ಹಿಂದಕ್ಕೆ ತಳ್ಳುತ್ತಾರೆ. ಜಾರುವುದಕ್ಕೆ ನಿಜವಾದ ಕಾರಣ ಅನೇಕ ಸಲ ಪುಲ್ಲಿಯ ಗಾಡಿಯಲ್ಲೇ ಇರುತ್ತದೆ. ವಿ-ಬೆಲ್ಟು ಹಿಡಿಯುವುದು ತನ್ನ ಎರಡು ಓರೆ ಮಗ್ಗುಲುಗಳಿಂದ. ಗಾಡಿಯ ಗೋಡೆಗಳು ಸವೆದರೆ ಬೆಲ್ಟು ಕೆಳಗಿಳಿದು ತಳದ ಮೇಲೆ ಕೂರುತ್ತದೆ. ಆಗ ಅದು ಕೆಲಸ ಮಾಡುವುದು ಚಪ್ಪಟೆ ಬೆಲ್ಟಿನಂತೆ, ಎಷ್ಟು ಬಿಗಿದರೂ ಸಾಲದು. ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಬದಲಿಸಬೇಕಾದ್ದು ಪುಲ್ಲಿಯನ್ನು. ಮೂರು ಬೆಲ್ಟುಗಳಲ್ಲಿ ಒಂದನ್ನು ಮಾತ್ರ ಹೊಸದು ಹಾಕುವುದೂ ಇಂಥದೇ ತಪ್ಪು. ಹಳೆಯವು ಹಿಗ್ಗಿರುತ್ತವೆ, ಹೊಸದೊಂದೇ ದುಡಿಯುತ್ತದೆ, ಅದು ಜಾರಿದಾಗ ಮತ್ತೆ ಮೂರನ್ನೂ ಬಿಗಿಯುತ್ತಾರೆ.

ಪುಲ್ಲಿ ಬದಲಿಸುವ ಸಂದರ್ಭ ಬಂದರೆ ಸ್ವಲ್ಪ ದೊಡ್ಡದನ್ನು ಹಾಕಲು ಸಾಧ್ಯವೇ ಎಂದು ನೋಡುವುದು ಲಾಭದಾಯಕ. ಮೋಟಾರಿನ ಪುಲ್ಲಿಯನ್ನು 125ರಿಂದ 150 ಮಿಲಿಮೀಟರಿಗೆ ಏರಿಸಿ, ಗಿರಣಿಯ ಪುಲ್ಲಿಯನ್ನೂ ಅದೇ ಪ್ರಮಾಣದಲ್ಲಿ ದೊಡ್ಡದು ಮಾಡಿದರೆ ಗಿರಣಿಯ ವೇಗ ಹಾಗೇ ಉಳಿಯುತ್ತದೆ. ಅದೇ ಶಕ್ತಿಯನ್ನು ಸಾಗಿಸಲು 120ರ ಬದಲು 100 ಕೆಜಿ ಎಳೆತ ಸಾಕಾಗುತ್ತದೆ. ಘನದ ಲೆಕ್ಕದಲ್ಲಿ ಇದರಿಂದ ಆಯಸ್ಸು ಮುಕ್ಕಾಲು ಪಾಲು ಹೆಚ್ಚುತ್ತದೆ. ತಿರುಗುಮುರುಗಾಗಿ, ಅಂಗಡಿಯಲ್ಲಿ ಸಿಕ್ಕಿತೆಂದು ನಾಲ್ಕಿಂಚಿನ ಪುಲ್ಲಿ ಹಾಕಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ.

ಹೊರಚಾಚಿದ ಭಾರ ನಿಜಕ್ಕೂ ಹೆಚ್ಚಿರಲೇಬೇಕಾದ ಕಡೆ, ಉದಾಹರಣೆಗೆ ಕಲ್ಲು ಪುಡಿಮಾಡುವ ಕ್ರಷರಿನಲ್ಲಿ, ಪುಲ್ಲಿ ಕಡೆ ರೋಲರ್ ಬೇರಿಂಗ್ ಹಾಕುವ ಪದ್ಧತಿಯಿದೆ. ಅದೇ ಅಳತೆಯ ಎನ್‌ಯು 208 ರೋಲರ್ ಬೇರಿಂಗಿನ C 6208ರದಕ್ಕಿಂತ ಸುಮಾರು ಎರಡು ಪಟ್ಟು. ಆದರೆ ಆ ಮೋಟಾರನ್ನು ಮುಂದೆ ಬೆಲ್ಟಿಲ್ಲದೆ ಪಂಪಿಗೆ ನೇರ ಜೋಡಿಸಿದರೆ, ಭಾರವಿಲ್ಲದೆ ರೋಲರುಗಳು ಉರುಳುವ ಬದಲು ಜಾರಿ ಹಾಳಾಗುತ್ತವೆ. ಶಾಫ್ಟಿನ ಬಲವೂ ಒಂದು ಮಿತಿ. ಪುಲ್ಲಿ ಶಾಫ್ಟಿನ ತುದಿಗೆ ಹೋದಷ್ಟೂ ಬೇರಿಂಗಿಗಿಂತ ಮೊದಲು ಶಾಫ್ಟೇ ಮುರಿಯುವ ಭಯವಿದೆ. ಮೋಟಾರು ತಯಾರಕರ ಕ್ಯಾಟಲಾಗಿನಲ್ಲಿ ಶಾಫ್ಟಿನ ಬುಡದಲ್ಲಿ ಎಷ್ಟು, ತುದಿಯಲ್ಲಿ ಎಷ್ಟು ಎಳೆತ ಹಾಕಬಹುದು ಎಂದು 20,000 ಅಥವಾ 40,000 ಗಂಟೆಗೆ ಬೇರೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಬೆಲ್ಟಿಗೆಂದು ಮೋಟಾರು ಕೊಳ್ಳುವವರು ಕೇಳಿ ಪಡೆಯಬೇಕಾದ ಪುಟ ಅದು.

ಇರುವ ಮೋಟಾರಿಗೆ ಇಷ್ಟು ಮಾಡಿದರೆ ಸಾಕು. ಪುಲ್ಲಿಯನ್ನು ಶಾಫ್ಟಿನ ಬುಡಕ್ಕೆ ಒತ್ತಿ ಕೂರಿಸಿ, ನೇರಕ್ಕೆ ಬರದಿದ್ದರೆ ಪುಲ್ಲಿಯ ಬದಲು ಮೋಟಾರನ್ನೇ ಜರುಗಿಸಿ. ಹೊಸ ಬೆಲ್ಟು ಹಾಕಿದಾಗ ತಕ್ಕಡಿ ಹಿಡಿದು ಬಿಗಿ ನೋಡಿ, ಮೊದಲ ದಿನದ ಓಟದಲ್ಲಿ ಬೆಲ್ಟು ಹಿಗ್ಗುವುದರಿಂದ ಮರುದಿನ ಮತ್ತೊಮ್ಮೆ ನೋಡಿ. ತಕ್ಕಡಿಯ ಓದನ್ನೂ ಬೇರಿಂಗು ಹಾಕಿದ ತಾರೀಖನ್ನೂ ಮೋಟಾರಿನ ಮೈಮೇಲೆ ಪೇಂಟಿನಲ್ಲಿ ಬರೆದಿಡಿ. ಮುಂದಿನ ಸಲ ಬೇರಿಂಗು ಹೋದಾಗ ಅಂಗಡಿಯವನೊಡನೆ ಜಗಳಕ್ಕಿಳಿಯುವ ಮೊದಲು ಆ ಎರಡು ಅಂಕಿಗಳನ್ನು ಸೂತ್ರಕ್ಕೆ ಹಾಕಿ ನೋಡಬಹುದು.